ಒಂದು ಅಗುಳು, ಅರವತ್ತೊಂದು ಪ್ರಯೋಗ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಕಿತ್ತಳೆ ಬಣ್ಣದ ಮಾತ್ರೆಗಳ ಒಂದು ಸ್ಟ್ರಿಪ್ ಯಾವಾಗಲೂ ಇರುತ್ತದೆ. ಯಾರಾದರೂ ಒಂದು ಸಲ ಸೀನಿದರೆ ಸಾಕು, "ತಗೋ ಪುಟ್ಟ, ಚೀಪು" ಎಂದು ಒಂದು ಮಾತ್ರೆ ಕೈಗಿಡುತ್ತಾರೆ. ಬೇಡ ಅಂದರೆ, "ವಿಟಮಿನ್ ಸಿ ಕಣೋ, ಸೈಂಟಿಸ್ಟೇ ಹೇಳಿದ್ದಾರೆ" ಅನ್ನುತ್ತಾರೆ.

ಆ ಮಾತು ಸುಳ್ಳಲ್ಲ. ಹೇಳಿದವರು ಲೈನಸ್ ಪಾಲಿಂಗ್. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರಲ್ಲಿ ಶಾಂತಿಗೆ, ಹೀಗೆ ಎರಡು ನೊಬೆಲ್ ಪಡೆದವರು. ಅಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಎಂದು ನಮಗೆ ಕಲಿಸಿಕೊಟ್ಟ ಮೇಷ್ಟ್ರು. 1966ರಲ್ಲಿ ಅವರೊಂದು ಭಾಷಣದಲ್ಲಿ ಇನ್ನೂ ಕೆಲವು ವರ್ಷ ಬದುಕಿ ವಿಜ್ಞಾನದ ಹೊಸ ಶೋಧಗಳನ್ನು ನೋಡುವ ಆಸೆಯಿದೆ ಎಂದರು. ಅದನ್ನು ಕೇಳಿದ ಇರ್ವಿನ್ ಸ್ಟೋನ್ ಎಂಬ ಜೀವರಸಾಯನ ತಜ್ಞರು ಪತ್ರ ಬರೆದು, ದಿನಾ ಮೂರು ಗ್ರಾಂ ವಿಟಮಿನ್ ಸಿ ತಗೊಳ್ಳಿ ಎಂದು ಸಲಹೆ ಕೊಟ್ಟರು. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗುವುದು ಒಂದು ಗ್ರಾಂನ ಹತ್ತನೇ ಒಂದು ಭಾಗವಷ್ಟೇ. ಪಾಲಿಂಗ್ ತಗೊಂಡರು. ತಮಗೂ ಹೆಂಡತಿಗೂ ನೆಗಡಿ ಬರುವುದು ಕಡಿಮೆಯಾಯಿತು ಅನ್ನಿಸಿತು. ಆಮೇಲೆ ಆಧಾರ ಹುಡುಕಲು ಹೊರಟರು.

ಈ ಕ್ರಮವನ್ನು ಸ್ವಲ್ಪ ಗಮನಿಸಿ. ಮೊದಲು ನಂಬಿಕೆ ಬಂತು, ಹುಡುಕಾಟ ಆಮೇಲೆ ಶುರುವಾಯಿತು.

ಹುಡುಕಿದಾಗ ಅವರಿಗೆ ತುಂಬಾ ಹಿಡಿಸಿದ್ದು ಸ್ವಿಟ್ಜರ್‌ಲೆಂಡಿನ ವೈದ್ಯ ರಿಟ್ಸೆಲ್ 1961ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಆಲ್ಪ್ಸ್ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಶಿಬಿರ. ಒಟ್ಟು 279 ಜನ. ಅರ್ಧದಷ್ಟು ಜನಕ್ಕೆ ದಿನಾ ಒಂದು ಗ್ರಾಂ ವಿಟಮಿನ್ ಸಿ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ವಿಟಮಿನ್ ತಗೊಂಡ 139 ಜನರಲ್ಲಿ 17 ಮಂದಿಗೆ ನೆಗಡಿಯಾಯಿತು. ಹುಸಿ ಮಾತ್ರೆಯ 140 ಜನರಲ್ಲಿ 31 ಮಂದಿಗೆ. ಅಂದರೆ ನೆಗಡಿ ಶೇಕಡಾ 45ರಷ್ಟು ಕಡಿಮೆ. 1970ರಲ್ಲಿ ಪಾಲಿಂಗ್ ಬರೆದ ಪುಸ್ತಕ ಅಮೆರಿಕದ ಹಲವು ಔಷಧದಂಗಡಿಗಳಲ್ಲಿ ವಿಟಮಿನ್ ಸಿ ಖಾಲಿ ಮಾಡಿಸಿತು. ಅದರ ವಾದಕ್ಕೆ ಈ ಸಂಖ್ಯೆಗಳೇ ದೊಡ್ಡ ಊರುಗೋಲು.

ಪ್ರಯೋಗ ಚೆನ್ನಾಗಿಯೇ ಇತ್ತು. ಇನ್ನು ತಪ್ಪೆಲ್ಲಿ? ಎರಡು ಕಡೆ ಇದೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಆರಿಸುವ ತಪ್ಪು. ಮಾವಿನ ಕಾಲದಲ್ಲಿ ಸಂತೆಗೆ ಹೋದವರಿಗೆ ಇದು ಗೊತ್ತು. ಬುಟ್ಟಿಯ ಮೇಲೆ ಕೆಂಪಗೆ ಹೊಳೆಯುವ ಆರೇಳು ಹಣ್ಣು, ಕೆಳಗೆ ಏನಿದೆಯೋ ದೇವರೇ ಬಲ್ಲ. ಮೇಲಿನ ಹಣ್ಣು ಸುಳ್ಳಲ್ಲ, ನಿಜವಾಗಿಯೂ ಸಿಹಿ. ಅದು ಇಡೀ ಬುಟ್ಟಿಯ ಪರವಾಗಿ ಮಾತಾಡುತ್ತಿದೆ ಎಂದು ನಾವು ಅಂದುಕೊಳ್ಳುವುದೇ ತೊಂದರೆ. ಸಂಶೋಧನೆಗಳ ಬುಟ್ಟಿಯಲ್ಲಿ ಇನ್ನೊಂದು ವಿಚಿತ್ರವಿದೆ. ಬುಟ್ಟಿಯ ಒಡೆಯ ಯಾವ ಮೋಸ ಮಾಡದಿದ್ದರೂ ಕೆಲವು ಹಣ್ಣು ತಾನಾಗಿಯೇ ಕೆಂಪಾಗುತ್ತವೆ.

ಹೇಗೆ ಅಂತೀರಾ? ಕೈಯಲ್ಲಿ 61 ನಾಣ್ಯ ತಗೊಂಡು ಚಿಮ್ಮಿ. ಸುಮಾರು 30 ತಲೆ ಬೀಳುತ್ತವೆ. ಈಗ ಒಂದೊಂದು ನಾಣ್ಯವನ್ನೂ ಒಂದೊಂದು ಪ್ರಯೋಗ ಎಂದುಕೊಳ್ಳಿ. ಪರೀಕ್ಷಿಸುತ್ತಿರುವ ಮಾತ್ರೆ ಬರೀ ಸಕ್ಕರೆ, ಅದರಿಂದ ಏನೇನೂ ಉಪಯೋಗವಿಲ್ಲ. ಆದರೂ ಅದನ್ನು ತಗೊಂಡ ಗುಂಪಿನಲ್ಲಿ ನೆಗಡಿ ಒಂಚೂರಾದರೂ ಕಡಿಮೆ ಕಾಣುವ ಪ್ರಯೋಗಗಳು ಸುಮಾರು 30 ಇರುತ್ತವೆ, ಯಾಕೆಂದರೆ ಎರಡು ಗುಂಪು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಬರುವುದು ಅಪರೂಪ. ಆ 30ನ್ನು ಆರಿಸಿ ಪುಸ್ತಕ ಬರೆದರೆ, "30 ಪ್ರಯೋಗಗಳಲ್ಲಿ ಗುಣ ಕಂಡಿದೆ" ಎಂಬ ಮಾತು ಅಕ್ಷರಶಃ ನಿಜ. ಇನ್ನೂ ಬಿಗಿಯಾದ ಅಳತೆ ಇಡೋಣ. ಆಕಸ್ಮಿಕವಾಗಿ ಬರುವ ಸಾಧ್ಯತೆ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೇವೆ ಎನ್ನೋಣ. ಆಗಲೂ 61ರಲ್ಲಿ ಸುಮಾರು ಮೂರು ಪ್ರಯೋಗ ಸುಮ್ನೆ ಅದೃಷ್ಟದಿಂದ ದಾಟಿಬಿಡುತ್ತವೆ. ಅವುಗಳಲ್ಲಿ ಒಂದೋ ಎರಡೋ ಮಾತ್ರೆಯ ಪರವಾಗಿಯೇ ಇರುತ್ತವೆ. ಲಾಟರಿ ಗೆದ್ದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಸೋತ ಲಕ್ಷ ಜನರ ಫೋಟೋ ಬರುವುದಿಲ್ಲ. ಫೋಟೋ ನೋಡಿ ಲಾಟರಿಯ ಲಾಭ ಅಳೆಯಲು ಆಗುತ್ತದೆಯೇ?

61 ಎಂಬ ಸಂಖ್ಯೆಯನ್ನು ನಾನು ಬೇಕೆಂದೇ ತಗೊಂಡೆ. ನೆದರ್‌ಲೆಂಡ್ಸಿನ ಪಾಲ್ ನಿಪ್‌ಶಿಲ್ಡ್ ಎಂಬ ಸಂಶೋಧಕರು ವಿಟಮಿನ್ ಸಿ ಮತ್ತು ನೆಗಡಿಯ ಪ್ರಯೋಗಗಳನ್ನೆಲ್ಲ ಜಾಲಾಡಿ ಹುಡುಕಿದಾಗ ಸಿಕ್ಕಿದ್ದು 61. ಅವರು ಇದನ್ನು 1994ರಲ್ಲಿ ಪ್ರಕಟಿಸಿದರು. ಪಾಲಿಂಗ್ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ. ನಿಪ್‌ಶಿಲ್ಡ್ ಪ್ರಯೋಗಗಳನ್ನು ಅವು ನಡೆದ ರೀತಿಯ ಮೇಲೆ ತೂಗಿದರು. ಫಲಿತಾಂಶ ಏನು ಬಂತು ಎಂಬುದಕ್ಕೆ ಆ ತೂಕದಲ್ಲಿ ಜಾಗವಿರಲಿಲ್ಲ.

ರೀತಿ ಅಂದರೆ ಏನು ಎಂಬುದಕ್ಕೆ ಒಂದು ಪ್ರಸಂಗ ಹೇಳಬೇಕು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ತಮ್ಮ ನೌಕರರ ಮೇಲೆಯೇ ನಡೆಸಿದ ಪ್ರಯೋಗ ಪ್ರಕಟವಾಯಿತು. ವಿಟಮಿನ್ ಒಂದು ಗುಂಪಿಗೆ, ಹಾಲಿನ ಸಕ್ಕರೆ ತುಂಬಿದ ಕ್ಯಾಪ್ಸೂಲ್ ಇನ್ನೊಂದಕ್ಕೆ. ಯಾರಿಗೆ ಯಾವುದು ಎಂದು ಗೊತ್ತಾಗಬಾರದು. ಆದರೆ ಕುತೂಹಲ ತಡೆಯದ ಕೆಲವರು ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿಬಿಟ್ಟರು. ಹುಳಿ ಇದ್ದರೆ ವಿಟಮಿನ್, ಸಿಹಿ ಇದ್ದರೆ ಸಕ್ಕರೆ. ಕೊನೆಗೆ ಲೆಕ್ಕ ಹಾಕಿದಾಗ, ಗುಟ್ಟು ಊಹಿಸಿದವರಲ್ಲಿ ವಿಟಮಿನ್‌ನಿಂದ ಗುಣ ಕಂಡಿತು. ಊಹಿಸದವರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. "ಮೂಗು ಎಷ್ಟು ಸೋರಿತು" ಎಂದು ಕೇಳಿದಾಗ ಉತ್ತರ ಕೊಡುವುದು ಮೂಗಲ್ಲ, ಮನಸ್ಸು.

ಇಂಥ ಜರಡಿ ಹಿಡಿದಾಗ 61ರಲ್ಲಿ ಗಟ್ಟಿ ಎನ್ನಬಹುದಾದವು 15 ಉಳಿದವು. ಪಾಲಿಂಗ್ 1986ರಲ್ಲಿ ಬರೆದ ಪುಸ್ತಕದಲ್ಲಿ ಈ 15ರ ಪೈಕಿ ಐದರ ಹೆಸರೇ ಇರಲಿಲ್ಲ. ಇನ್ನೆರಡನ್ನು ಹಾಗೇ ತೇಲಿಸಿ ಹೇಳಿದ್ದರು. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಸಿಕ್ಕ ಚಿತ್ರ ಬೇರೆ: ದೊಡ್ಡ ಡೋಸ್ ನೆಗಡಿಯನ್ನು ತಡೆಯುವುದಿಲ್ಲ, ಬಂದ ನೆಗಡಿಯನ್ನು ಸ್ವಲ್ಪ ಹಗುರ ಮಾಡಬಹುದು.

ಪಾಲಿಂಗ್ ವಂಚಕರಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆರಿಸುವ ಚಪಲ ಒಂದೇ ಅಧ್ಯಯನದ ಒಳಗೂ ಕೆಲಸ ಮಾಡುತ್ತದೆ, ಅದೂ ನಮಗೇ ಗೊತ್ತಾಗದಂತೆ. 1942ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. ಹುಸಿ ಮಾತ್ರೆಯವರಿಗೆ ಸರಾಸರಿ 2.2 ಸಲ ನೆಗಡಿ, ವಿಟಮಿನ್‌ನವರಿಗೆ 1.9 ಸಲ. ಮಾಡಿದವರು ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಬರೆದರು. ಪಾಲಿಂಗ್ ಅದನ್ನೇ ಎತ್ತಿಕೊಂಡು ತಮ್ಮ ಪರ ಸಾಕ್ಷಿ ಮಾಡಿದರು. 1972ರಲ್ಲಿ ಟೊರಾಂಟೋದ ಟೆರೆನ್ಸ್ ಆಂಡರ್ಸನ್ 818 ಜನರ ಮೇಲೆ ನಡೆಸಿದ ಪ್ರಯೋಗದ ಕಥೆ ಇನ್ನೂ ಸೊಗಸು. ಎಷ್ಟು ಸಲ ನೆಗಡಿ ಬಂತು ಎಂಬ ಲೆಕ್ಕದಲ್ಲಿ ಎರಡು ಗುಂಪಿಗೂ ದೊಡ್ಡ ಫರಕಿಲ್ಲ. ಹುಷಾರಿಲ್ಲದೆ ಮನೆಯಲ್ಲಿ ಉಳಿದ ದಿನಗಳು ಮಾತ್ರ ಶೇಕಡಾ 30 ಕಡಿಮೆ. ವಿಟಮಿನ್ ಬೇಡ ಅನ್ನುವವರು ಮೊದಲ ಸಾಲನ್ನು ಓದಬಹುದು, ಬೇಕು ಅನ್ನುವವರು ಎರಡನೆಯದನ್ನು. ಪುಟ ಒಂದೇ.

ಬೇಡ ಅನ್ನುವವರೂ ಹೀಗೆ ಜಾರಿದ್ದಾರೆ. 1975ರಲ್ಲಿ ಥಾಮಸ್ ಚಾಮರ್ಸ್ ಎಂಬ ವೈದ್ಯರು ಹಲವು ಪ್ರಯೋಗಗಳನ್ನು ಸೇರಿಸಿ ಸರಾಸರಿ ತೆಗೆದು, ನೆಗಡಿ ಒಂದು ದಿನದ ಹತ್ತನೇ ಒಂದರಷ್ಟು ಮಾತ್ರ ಬೇಗ ವಾಸಿಯಾಗುತ್ತದೆ ಎಂದರು. ಇಪ್ಪತ್ತು ವರ್ಷದ ಬಳಿಕ ಫಿನ್‌ಲೆಂಡಿನ ಹ್ಯಾರಿ ಹೆಮಿಲಾ ಅದೇ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದರು. ಆ ರಾಶಿಯಲ್ಲಿ ದಿನಕ್ಕೆ ಒಂದು ಗ್ರಾಂನ ಇಪ್ಪತ್ತನೇ ಒಂದು ಭಾಗವೂ ದಾಟದ ಪುಟ್ಟ ಡೋಸಿನ ಪ್ರಯೋಗವೂ ಸೇರಿತ್ತು. ಪಾಲಿಂಗ್ ಹೇಳಿದ್ದು ದೊಡ್ಡ ಡೋಸಿನ ಬಗ್ಗೆ ಅಲ್ವಾ? ಒಂದು ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟವನ್ನು ಮಾತ್ರ ಇಟ್ಟುಕೊಂಡಾಗ ಲಾಭ ಹೆಚ್ಚುಕಡಿಮೆ ಒಂದು ದಿನಕ್ಕೆ ಏರಿತು. ಬೇಡದ್ದನ್ನು ರಾಶಿಗೆ ಸೇರಿಸಿದರೂ ಚಿತ್ರ ಕೆಡುತ್ತದೆ.

ಹೀಗಾಗಿಯೇ ಈಗ ಇಂಥ ಸಮೀಕ್ಷೆ ಮಾಡುವವರು ಯಾವ ಪ್ರಶ್ನೆ, ಎಷ್ಟು ಡೋಸ್, ಯಾವ ಅಳತೆ, ಎಲ್ಲೆಲ್ಲಿ ಹುಡುಕುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನೆಲ್ಲ ಫಲಿತಾಂಶ ನೋಡುವ ಮೊದಲೇ ಬರೆದಿಡುತ್ತಾರೆ. "ಹಲವು ಅಧ್ಯಯನಗಳು ಹೇಳುತ್ತವೆ" ಎಂಬ ಲೇಖನ ಸಿಕ್ಕಾಗ ನಾನು ಮೊದಲು ಹುಡುಕುವುದು ಆ ಸಾಲುಗಳನ್ನೇ. ಹೇಗೆ ಹುಡುಕಿದೆ ಎಂದು ಬರೆಯದವರ ಪಟ್ಟಿಯಲ್ಲಿ 40 ಹೆಸರಿದ್ದರೂ ನನಗೆ ಕಾಣುವುದು ಬುಟ್ಟಿಯ ಮೇಲಿನ ಹಣ್ಣು.

ಈಗ ಎರಡನೇ ತಪ್ಪು. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಆ ಮಾತು ನಿಜ, ಯಾಕೆಂದರೆ ಪಾತ್ರೆಯೊಳಗಿನ ಅಕ್ಕಿ ಒಂದೇ ಜಾತಿ, ನೀರು ಒಂದೇ, ಕುದಿ ಒಂದೇ. ಮದುವೆ ಮನೆಯಲ್ಲಿ ಸೌದೆ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ ಇಟ್ಟಾಗ ಅಡುಗೆ ಭಟ್ಟರು ಒಂದೇ ಅಗುಳು ನೋಡಿ ಇಳಿಸುವುದಿಲ್ಲ. ತಳದಲ್ಲಿ ಮುದ್ದೆ, ಮೇಲೆ ಇನ್ನೂ ಗಟ್ಟಿ. ಉದ್ದನೆಯ ಸಟ್ಟುಗ ಇಳಿಸಿ ನಾಲ್ಕು ಕಡೆ ನೋಡುತ್ತಾರೆ. ಮನುಷ್ಯರ ಗುಂಪು ಇಂಥ ಕೊಪ್ಪರಿಗೆ. ರಿಟ್ಸೆಲ್ ಹಿಚುಕಿದ ಅಗುಳು ಎಲ್ಲಿಯದು? ಐದರಿಂದ ಏಳು ದಿನ, ಚಳಿಯಲ್ಲಿ, ಮೈ ದಣಿಯುವಂತೆ ಸ್ಕೀ ಮಾಡಿದವರದು. ಆಫೀಸಿನ ಫ್ಯಾನಿನ ಕೆಳಗೆ ಕೂತವರದಲ್ಲ.

ಹೆಮಿಲಾ ಮತ್ತು ಎಲಿಜಬೆತ್ ಚಾಕರ್ 2013ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಗಾಗಿ ಮಾಡಿದ ಸಮೀಕ್ಷೆಯಲ್ಲಿ ಇದು ಬೆಳಕಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ದಿನಾ ವಿಟಮಿನ್ ಸಿ ತಗೊಂಡವರನ್ನು ಹುಸಿ ಮಾತ್ರೆಯವರ ಪಕ್ಕ ಇಟ್ಟು ನೋಡಿದ 29 ಹೋಲಿಕೆಗಳು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನ. ಸಾಮಾನ್ಯ ಜನರ 24 ಹೋಲಿಕೆಗಳಲ್ಲಿ ನೆಗಡಿಯಾಗುವ ಅಪಾಯ ಕಡಿಮೆಯಾದದ್ದು ಶೇಕಡಾ 3, ಅಂದರೆ ಇಲ್ಲವೆಂದೇ ಲೆಕ್ಕ. ಉಳಿದ ಐದರಲ್ಲಿದ್ದವರು ಮ್ಯಾರಥಾನ್ ಓಟಗಾರರು, ಸ್ಕೀ ಮಾಡುವವರು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು, ಒಟ್ಟು 598 ಜನ. ಅವರಲ್ಲಿ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು! ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಯಿತು. ರಿಟ್ಸೆಲ್ ಅವರ 17 ಮತ್ತು 31 ಎಲ್ಲೂ ಸುಳ್ಳಾಗಲಿಲ್ಲ. ಅದು ತನ್ನ ಜಾಗದಲ್ಲಿ, ಆ ಐದರ ನಡುವೆ, ಸರಿಯಾಗಿ ಕೂತಿದೆ. ಅದನ್ನು ಎತ್ತಿ ಇಡೀ ಜಗತ್ತಿನ ತಲೆಗೆ ಕಟ್ಟಿದ್ದು ಪಾಲಿಂಗ್ ಆತುರ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದ್ರೆ ಬೇಗ ವಾಸಿಯೂ ಆಗಲ್ವೇನೋ?" ಒಳ್ಳೆ ಪ್ರಶ್ನೆ. ಅದೇ ಸಮೀಕ್ಷೆಯ ಪ್ರಕಾರ, ವಿಟಮಿನ್ ಅನ್ನು ಮೊದಲಿಂದಲೂ ದಿನಾ ತಗೊಳ್ಳುತ್ತಿದ್ದ ದೊಡ್ಡವರಲ್ಲಿ ನೆಗಡಿಯ ಅವಧಿ ಸುಮಾರು ಶೇಕಡಾ 8, ಮಕ್ಕಳಲ್ಲಿ 14 ಕಡಿಮೆಯಾಗಿತ್ತು. ಏಳು ದಿನದ ನೆಗಡಿ ದೊಡ್ಡವರಿಗೆ ಅರ್ಧ ದಿನ ಬೇಗ ಹೋಗಬಹುದು. ಸೀನು ಶುರುವಾದ ಮೇಲೆ ಮಾತ್ರೆ ನುಂಗಿದವರ ಪ್ರಯೋಗಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಅಲ್ಲಿ ಒಂದೇ ಸಮನೆ ಕಾಣುವ ಲಾಭ ಸಿಗಲಿಲ್ಲ. ದೊಡ್ಡಮ್ಮ ಸ್ಟ್ರಿಪ್ ತೆಗೆಯುವುದು ಯಾವಾಗಲೂ ಸೀನು ಕೇಳಿದ ಮೇಲೆಯೇ.