ಓದುಗರ ಪ್ರಶ್ನೆ: ಕ್ಲೋರಿನ್ ಹಾಕಿದ ಮೇಲೂ ಕಾಮಾಲೆ ಬಂದರೆ, ತಪ್ಪು ನೀರಿನದ್ದಲ್ಲವೇ?

ಪ್ರಶ್ನೆ: ನಾನು ನಮ್ಮ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ. ಊರಿನಲ್ಲಿ ಮತ್ತೆ ಮತ್ತೆ ಕಾಮಾಲೆ ಕಾಣಿಸಿಕೊಳ್ಳುತ್ತಿದೆ. ಕ್ಲೋರಿನೀಕರಣ ಮತ್ತು ಮನೆಮನೆ ಸರ್ವೆ ಕೋರಿ ಪಂಚಾಯಿತಿಗೆ ಪತ್ರ ಕೊಟ್ಟೆ. ‘ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮೂರು ವಾರವಾಯಿತು, ಆದರೂ ಹೊಸ ಕೇಸು ಬಂದಿದೆ, ಆದ್ದರಿಂದ ಇದು ನೀರಿನಿಂದ ಬಂದದ್ದಲ್ಲ’ ಎಂದರು. ಮತ್ತೆ ಬರೆಯಬೇಕೇ?

ಉತ್ತರ: ಬರೆಯಿರಿ, ಆದರೆ ಈ ಸಲ ತಾರೀಖುಗಳನ್ನು ಹಾಕಿ ಬರೆಯಿರಿ. ‘ಮೂರು ವಾರವಾಯಿತು’ ಎಂಬ ವಾದವನ್ನು ಆರೋಗ್ಯ ಸಹಾಯಕನಾಗಿದ್ದ ಕಾಲದಿಂದಲೂ ಕೇಳುತ್ತಾ ಬಂದಿದ್ದೇನೆ. ಪ್ರತಿ ಸಲವೂ ಬೆರಳು ಮಡಚಿ ಎಣಿಸಿ ತೋರಿಸಿದ್ದೇನೆ, ಇನ್ನೊಮ್ಮೆ ಎಣಿಸುತ್ತೇನೆ.

ನೀರಿನಿಂದ ಹರಡುವ ಕಾಮಾಲೆಗೆ ಮುಖ್ಯವಾಗಿ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಕಾರಣ. ಎ ವೈರಸ್ ಹೊಟ್ಟೆಗೆ ಹೋದ ಮೇಲೆ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು, ಸರಾಸರಿ 28 ದಿನ. ಇ ವೈರಸ್‌ಗೆ ಇನ್ನೂ ಹೆಚ್ಚು ದಿನ ಹಿಡಿಯಬಹುದು. ಟ್ಯಾಂಕಿಗೆ ಆಗಸ್ಟ್ 12ರಂದು ಪೌಡರ್ ಹಾಕಿದರು ಎಂದುಕೊಳ್ಳೋಣ. ಹಿಂದಿನ ದಿನ ಕೊಳೆ ನೀರು ಕುಡಿದವರಿಗೆ ಎ ಕಾಮಾಲೆ ಆಗಸ್ಟ್ 26ರಿಂದ ಸೆಪ್ಟೆಂಬರ್ 30ರ ನಡುವೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಸೆಪ್ಟೆಂಬರ್ ಮೊದಲ ವಾರದ ಹೊಸ ಕೇಸು ಜುಲೈ ಅಥವಾ ಆಗಸ್ಟಿನ ನೀರಿಗೆ ಸಾಕ್ಷಿಯೇ ಹೊರತು ಈಗಿನ ನೀರಿಗೆ ಸಾಕ್ಷಿಯಲ್ಲ. ನೀರು ನಿನ್ನೆಯೇ ಪೂರ್ತಿ ಶುದ್ಧವಾಗಿದ್ದರೂ ಇನ್ನೂ ಒಂದೂವರೆ ತಿಂಗಳು ಕೇಸುಗಳು ಬರುತ್ತಲೇ ಇರಬಹುದು. ಸಾಕಷ್ಟು ವಾರ ಕಳೆದ ಮೇಲೂ ಹೊಸ ಬೀದಿಗಳಿಂದ ಕೇಸು ಬರುತ್ತಿದ್ದರೆ ಮಾತ್ರ ಕೊಳೆ ಇನ್ನೂ ಸೇರುತ್ತಿದೆ ಎಂದು ಶಂಕಿಸಬೇಕು.

ಸರ್ವೆ ಬೇಕಾಗುವುದು ಈ ಎಣಿಕೆಗಾಗಿಯೇ. ಪ್ರತಿ ರೋಗಿಗೂ ಜ್ವರ, ವಾಕರಿಕೆ ಶುರುವಾದ ದಿನ, ಮನೆ ಯಾವ ಬೀದಿಯಲ್ಲಿದೆ, ನೀರು ಯಾವ ನಲ್ಲಿಯದ್ದು ಎಂಬುದನ್ನು ಆಶಾ ಕಾರ್ಯಕರ್ತೆ ಬರೆದುಕೊಳ್ಳಲಿ. ಎಂಟು ರೋಗಿಗಳಲ್ಲಿ ಆರು ಮಂದಿ ಮೋರಿಯ ಆಚೆಯ ಬೀದಿಯವರಾಗಿದ್ದು, ಅವರಿಗೆ ಆಗಸ್ಟ್ 28ರ ಆಸುಪಾಸಿನಲ್ಲಿ ಜ್ವರ ಬಂದಿದ್ದರೆ, ಹಿಂದಕ್ಕೆ 28 ದಿನ ಎಣಿಸಿದಾಗ ಜುಲೈ ಕೊನೆ ಸಿಗುತ್ತದೆ. ಆ ವಾರದಲ್ಲಿ ಚರಂಡಿ ಅಗೆಯುವಾಗ ಪೈಪು ಒಡೆದು, ಅದಕ್ಕೆ ಹಳೆಯ ಟ್ಯೂಬ್ ಸುತ್ತಿ ಮಣ್ಣು ಮುಚ್ಚಿದ್ದು ನೀರುಗಂಟಿಗೆ ಆಗ ನೆನಪಾಗುತ್ತದೆ. ಮೋಟರ್ ನಿಂತು ಪೈಪು ಖಾಲಿಯಾದಾಗ ಅದೇ ಬಿರುಕು ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗರ್ಭಿಣಿಯರ ಹೆಸರನ್ನು ಪ್ರತ್ಯೇಕವಾಗಿ ಬರೆಸಿ. ಇ ವೈರಸ್ ಕಡೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರ ಪ್ರಾಣಕ್ಕೇ ಕುತ್ತು ತರುತ್ತದೆ.

ಟ್ಯಾಂಕಿಗೆ ಪೌಡರ್ ಬಿದ್ದಿತೆಂದ ಮಾತ್ರಕ್ಕೆ ನಲ್ಲಿಗೆ ಕ್ಲೋರಿನ್ ಬಂದಿತೆಂದು ತಿಳಿಯಬೇಡಿ. 50,000 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಿದ್ದರೆ, ಶೇ. 25 ಸತ್ವವಿರುವ ಪೌಡರ್ 400 ಗ್ರಾಂ ಬೇಕು. ಬಾಯಿ ಕಟ್ಟದ ಚೀಲದಲ್ಲಿ ತೇವ ಹಿಡಿದು ಸತ್ವ ಶೇ. 10ಕ್ಕೆ ಇಳಿದಿದ್ದರೆ, ಅದೇ 400 ಗ್ರಾಂ ಲೀಟರಿಗೆ ಬರೀ 0.8 ಮಿಲಿಗ್ರಾಂ ಕೊಡುತ್ತದೆ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಆಮೇಲೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪಿನಿಂದ ಪರೀಕ್ಷಿಸಬೇಕು. ದ್ರಾವಣದ ಹನಿ ಬಿದ್ದಾಗ ನೀರು ಹಳದಿಯಾಗದಿದ್ದರೆ ಅಲ್ಲಿಗೆ ಕ್ಲೋರಿನ್ ತಲುಪಿಲ್ಲ. ಆ ನಲ್ಲಿಯಲ್ಲಿ ಉಳಿದಿರುವ ಕ್ಲೋರಿನ್ ಸಾಮಾನ್ಯ ದಿನಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಸಾಕಾದರೂ, ಕಾಮಾಲೆ ಇರುವಾಗ 0.5 ಇರಬೇಕು.

ಹಾಗೆಂದು ಪೌಡರನ್ನೇ ನೆಚ್ಚಿ ಕೂರಬೇಡಿ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಚರಂಡಿ ನೀರು ಯಮುನೆಯ ನೀರೆತ್ತುವ ಜಾಗಕ್ಕೆ ನುಗ್ಗಿದಾಗ ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದ್ದರು. ಟೈಫಾಯ್ಡ್ ಏರಲಿಲ್ಲ, ಆದರೆ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಕೊಳೆ ಹೆಚ್ಚಾದಷ್ಟೂ ಅದೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಆದ್ದರಿಂದ ಪೈಪಿನ ದುರಸ್ತಿಯನ್ನೂ ಪತ್ರದಲ್ಲಿ ಕೇಳಿ, ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ‘ನಾವು ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಕುಡಿಯುವುದು’ ಎನ್ನುವ ಮನೆಗಳಲ್ಲೂ ಕಾಮಾಲೆ ಕಂಡಿದ್ದೇನೆ. ಕುಡಿಯುವುದು ಕ್ಯಾನ್ ನೀರಾದರೂ ಬಾಯಿ ಮುಕ್ಕಳಿಸುವುದು, ತಟ್ಟೆ ಲೋಟ ತೊಳೆಯುವುದು, ಕೊತ್ತಂಬರಿ ಜಾಲಿಸುವುದು ನಲ್ಲಿ ನೀರಿನಲ್ಲಿ. ಆ ಘಟಕದ ನೀರಿನಲ್ಲಿ ಕ್ಲೋರಿನ್ನೂ ಉಳಿದಿರುವುದಿಲ್ಲವಾದ್ದರಿಂದ, ಕ್ಯಾನಿಗೆ ಲೋಟದ ಜೊತೆ ಕೈ ಅದ್ದಿದರೆ ರಕ್ಷಣೆ ಅಲ್ಲಿಗೇ ಮುಗಿಯಿತು. ಸರ್ವೆ ಪಟ್ಟಿಯಲ್ಲಿ ‘ಕುಡಿಯುವ ನೀರು ಎಲ್ಲಿಂದ’ ಎಂಬ ಕಲಮಿನ ಪಕ್ಕದಲ್ಲೇ ‘ಪಾತ್ರೆ ತೊಳೆಯುವ ನೀರು ಎಲ್ಲಿಂದ’ ಎಂಬುದನ್ನೂ ಸೇರಿಸಿ.