ಕಾಗುಣಿತ ಸರಿ ಇದ್ದರೆ ಸಾಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮಕ್ಕಳ ಜ್ವರದ ಸಿರಪ್ ಕೊಡುವ ಬಗ್ಗೆ ಒಂದು ಕ್ಲಿನಿಕ್‌ನವರು ಕರಪತ್ರ ಮಾಡಿಸುತ್ತಿದ್ದಾರೆ. ಕಾಗುಣಿತ ಎಲ್ಲಾ ನೋಡಿದ್ದೇನೆ. ಇನ್ನೇನು ನೋಡಬೇಕು?

ಉತ್ತರ: ಕಾಗುಣಿತ ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳುತ್ತಾರೆ ಬಿಡಿ. ಸಮಸ್ಯೆ ಇರೋದು ಕಾಗುಣಿತ ಸರಿಯಿದ್ದೂ ಎರಡು ಅರ್ಥ ಕೊಡುವ ಸಾಲಿನಲ್ಲಿ.

ಮಂಡಿಪೇಟೆ ಕಡೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ನನ್ನ ಕೈಗೆ ಬಂದ ಸಾಲು ಇದು: 'ಒಂದು ಕಾಲು ಚಮಚ, ದಿನಕ್ಕೆ ಮೂರು ಸಲ.' ನಾನು ಕಾಲು ಚಮಚ ಅಂತ ಓದಿದೆ, ಪಕ್ಕದಲ್ಲಿ ಕೂತಿದ್ದವರು ಒಂದೂಕಾಲು ಅಂತ ಓದಿದರು. ಚಮಚಕ್ಕೆ 5 ಎಂಎಲ್ ಅಂದರೆ ಒಂದು 1.25, ಇನ್ನೊಂದು 6.25. ಐದು ಪಟ್ಟು ವ್ಯತ್ಯಾಸ, ಅದೂ ಕೂಸಿಗೆ! ಮೂಲ ಚೀಟಿಯಲ್ಲಿ ಇದ್ದದ್ದು ಬರೀ ¼. ಓದಲು ಚೆನ್ನಾಗಿರಲಿ ಅಂತ ಟೈಪ್ ಮಾಡಿದವರು ಮುಂದೆ ಒಂದು 'ಒಂದು' ಸೇರಿಸಿದ್ದರು, ಅಷ್ಟೇ. ಡಾಕ್ಟರನ್ನು ಕೇಳಿ 'ಒಂದು ಸಲಕ್ಕೆ 1.25 ಎಂಎಲ್, ಸಿರಿಂಜಿನಲ್ಲಿ ಅಳೆದು ಕೊಡಿ' ಅಂತ ಮಾಡಿದೆವು. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ, ಅಲ್ವಾ?

ಅದರಲ್ಲೇ ಇನ್ನೊಂದು ಸಾಲು: 'ಜ್ವರ ಬಿಟ್ಟರೆ ಔಷಧಿ ಕೊಡಬೇಡಿ.' ಜ್ವರ ಇಳಿದ ಮೇಲೆ ಕೊಡಬೇಡಿ ಅಂತಲೋ, ಜ್ವರವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಕೊಡಬೇಡಿ ಅಂತಲೋ? ಎರಡೂ ಸರಿಯಾದ ಕನ್ನಡವೇ. 'ಬಿಟ್ಟರೆ', 'ಬಿಟ್ಟು' ಕಂಡಲ್ಲೆಲ್ಲ ನಾನು ಪೆನ್ಸಿಲ್ ಇಡುತ್ತೇನೆ. ಆದರೆ ಯಾವ ಅರ್ಥ ಅಂತ ನಾವು ಊಹಿಸಿ ತಿದ್ದೋ ಹಾಗಿಲ್ಲ, ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ ಕಳಿಸಬೇಕು, ಉತ್ತರ ಬರಹದಲ್ಲೇ ತರಿಸಿಕೊಳ್ಳಬೇಕು. ಫೋನಿನಲ್ಲಿ ಹೇಳಿದ್ದು ನೆನಪಲ್ಲಿ ಉಳಿಯಲ್ಲ.

ಅಂಕಿಗಳಿಗೆ ಬಂದರೆ, '.5' ಅಂತ ಬರೆದಿದ್ದರೆ ಝೆರಾಕ್ಸ್‌ನಲ್ಲಿ ಚುಕ್ಕಿ ಮಾಯವಾಗಿ 5 ಆಗುತ್ತದೆ, ಹಾಗಾಗಿ 0.5 ಬೇಕು. '1.0' ಬೇಡ, 10 ಅಂತ ಓದುತ್ತಾರೆ. ಬರೀ 1 ಸಾಕು. ನೀವು ನುಡಿ ಫಾಂಟಿನಲ್ಲಿ ಮಾಡುತ್ತಿದ್ದರೆ ಇನ್ನೊಂದು ಕಿರಿಕಿರಿ ಇದೆ. ಬೇರೆ ಕರಪತ್ರಗಳಲ್ಲಿ ಬರುವ ಮೈಕ್ರೋಗ್ರಾಂ ಗುರುತು µg-ಯ µ ಈ ಫಾಂಟಿನಲ್ಲಿ ಷ-ದ ತುಂಡಾಗಿ ಬೀಳುತ್ತದೆ. ಅದನ್ನು ಯಾರೋ ಅವಸರದಲ್ಲಿ ಮಿಲಿಗ್ರಾಂ ಅಂತ 'ಸರಿ' ಮಾಡಿದರೆ ಸಾವಿರ ಪಟ್ಟು ಜಾಸ್ತಿ ಆಯಿತು. 'ಮೈಕ್ರೋಗ್ರಾಂ' ಅಂತ ಪೂರ್ತಿ ಬರೆದುಬಿಡಿ.

ಕೊನೆಗೆ, ಪ್ರಿಂಟಿಗೆ ಕೊಡೋ ಮೊದಲು ವಿಷಯ ಗೊತ್ತಿಲ್ಲದ ಇಬ್ಬರು ಮೂವರ ಕೈಗೆ ಕರಪತ್ರ, ಸಿರಿಂಜು, ನೀರು ತುಂಬಿದ ಬಾಟ್ಲಿ ಕೊಡಿ. 'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಹ್ಞೂಂ ಅಂತಾರೆ. 'ಒಂದು ಸಲಕ್ಕೆ ಎಷ್ಟು ಕೊಡ್ತೀರಿ ಅಕ್ಕಾ, ಎಳೆದು ತೋರಿಸಿ' ಅನ್ನಿ, ಸಿರಿಂಜು ಯಾವ ಗೆರೆಗೆ ನಿಂತಿತು ಅಂತ ನೋಡಿ.