ಕಂಪನಿ ಬದಲಿಸಿದರೆ ನೋ ಕ್ಲೇಮ್ ಬೋನಸ್ ಹೋಗುತ್ತಾ?

ಪ್ರಶ್ನೆ: ಐದು ವರ್ಷದಿಂದ ಕಾರಿಗೆ ಒಂದೂ ಕ್ಲೇಮ್ ಮಾಡಿಲ್ಲ. ಈ ಸಲ ಬೇರೆ ಕಂಪನಿಯವರು ಕಡಿಮೆ ಪ್ರೀಮಿಯಂ ಹೇಳುತ್ತಿದ್ದಾರೆ. ಅಲ್ಲಿಗೆ ಹೋದರೆ ಬೋನಸ್ ಮತ್ತೆ ಸೊನ್ನೆಯಿಂದ ಶುರುವಾಗುತ್ತಂತೆ, ನಿಜವಾ?

ಇಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ರಿನ್ಯೂವಲ್ ಹೊತ್ತಿಗೆ ಇದೇ ಮಾತು ಬರುತ್ತದೆ. ಆದ್ದರಿಂದ ಇನ್ನೊಮ್ಮೆ, ಪೂರ್ತಿಯಾಗಿ ಹೇಳುತ್ತೇನೆ.

ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ. ಅದು ಕಂಪನಿಯದ್ದಲ್ಲ, ಕಾರಿನದ್ದೂ ಅಲ್ಲ. ಅದು ಮಾಲೀಕರದ್ದು, ಅಂದರೆ ನಿಮ್ಮದು. ಕಾರು ಮಾರಿದರೆ ಕೊಂಡವರಿಗೆ ನಿಮ್ಮ ಬೋನಸ್ ಸಿಗುವುದಿಲ್ಲ. ನೀವು ಹಳೆ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡು, ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದನ್ನು ಬಳಸಬಹುದು. ಕಾರನ್ನೇ ಬದಲಿಸಿದರೂ ಹೋಗದ ಬೋನಸ್, ಬರೀ ಕಂಪನಿ ಬದಲಿಸಿದರೆ ಹೇಗೆ ಹೋಗುತ್ತದೆ?

ಅದು ಹೋಗುವ ದಾರಿಗಳು ಬೇರೆ. ನಿಮ್ಮ ಗಾಡಿಯ ಡ್ಯಾಮೇಜ್‌ಗೆ ಕ್ಲೇಮ್ ಮಾಡಿದರೆ ಹೋಗುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೂ ಹೋಗುತ್ತದೆ. ಮೂರನೆಯ ದಾರಿ, ನೀವೇ ಸುಳ್ಳು ಹೇಳುವುದು. ಹೊಸ ಕಂಪನಿ ನಿಮ್ಮ ಮಾತು ಮತ್ತು ಹಳೆ ಪಾಲಿಸಿ ನೋಡಿ ಬೋನಸ್ ಕೊಡುತ್ತದೆ, ಆಮೇಲೆ ಹಳೆ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳಬಹುದು. ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟಿದ್ದರೆ, ನಿಜವಾಗಿ ಹಣ ಬೇಕಾದ ದಿನ ತೊಂದರೆ ಆಗುತ್ತದೆ. "ಕ್ಲೇಮ್ ಇಲ್ಲ ಅಂತ ಹಾಕಿಬಿಡಿ" ಅನ್ನುವ ಏಜೆಂಟರ ಮಾತು ದಯವಿಟ್ಟು ಕೇಳಬೇಡಿ. ಸಹಿ ನಿಮ್ಮದು.

ಫಾರ್ಮ್ ತುಂಬುವಾಗ ಒಂದು ಕಡೆ ತುಂಬ ಜನ ಎಡವುತ್ತಾರೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಬೋನಸ್ 20, 25, 35, 45, 50 ಶೇಕಡಾ ಹೀಗೆ ಏರುತ್ತದೆ. ನಿಮ್ಮ ಈಗಿನ ಪಾಲಿಸಿಯಲ್ಲಿ ಇರುವುದು ಕಳೆದ ರಿನ್ಯೂವಲ್‌ನಲ್ಲಿ ಸಿಕ್ಕ 45. ಈ ವರ್ಷವೂ ಕ್ಲೇಮ್ ಇಲ್ಲದ್ದರಿಂದ ಈಗ 50 ಸಿಗಬೇಕು. ಫಾರ್ಮ್ "ಹಿಂದಿನ ಎನ್‌ಸಿಬಿ" ಕೇಳಿದರೆ 45 ಅಂತಲೇ ಬರೆಯಿರಿ.

ಸರಿ, ಎರಡೂ ಕಡೆ 50 ಸಿಗುತ್ತದೆ ಅಂದಮೇಲೆ ಹೋಲಿಸುವುದು ಏನನ್ನು? ಈ 50 ಪೂರ್ತಿ ಪ್ರೀಮಿಯಂ ಮೇಲೆ ಅಲ್ಲ, ನಿಮ್ಮ ಗಾಡಿಯ ನಷ್ಟಕ್ಕೆ ಕಟ್ಟುವ ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಬೇರೆಯವರಿಗೆ ಆಗುವ ನಷ್ಟಕ್ಕೆ ಕಟ್ಟುವ ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲ ಕಡೆ ಒಂದೇ. ಓನ್ ಡ್ಯಾಮೇಜ್ ದರವನ್ನು ಮಾತ್ರ ಪ್ರತಿ ಕಂಪನಿ ತಾನೇ ಇಡುತ್ತದೆ.

ಒಂದು ಲೆಕ್ಕ ನೋಡಿ. ಹಳೆ ಕಂಪನಿ ನಿಮ್ಮ ಕಾರಿನ ಐಡಿವಿಯನ್ನು, ಅಂದರೆ ಕಾರು ಕಳುವಾದರೆ ಲೆಕ್ಕಕ್ಕೆ ಹಿಡಿಯುವ ಬೆಲೆಯನ್ನು, 5 ಲಕ್ಷ ಇಟ್ಟು, ಓನ್ ಡ್ಯಾಮೇಜ್‌ಗೆ 12,000 ಹೇಳುತ್ತದೆ ಅಂದುಕೊಳ್ಳಿ. ಬೋನಸ್ ಕಳೆದರೆ 6,000. ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೋ ಡೆಪ್ ಆಡ್-ಆನ್ 2,500 ಸೇರಿ 8,500. ಹೊಸ ಕಂಪನಿ 5,000 ಅನ್ನುತ್ತದೆ. ಅಬ್ಬಾ, 3,500 ಉಳಿಯಿತು ಅನಿಸುತ್ತದೆ, ಅಲ್ವಾ? ಬಿಡಿಸಿ ನೋಡಿದರೆ ಅವರು ಐಡಿವಿಯನ್ನು 4,20,000ಕ್ಕೆ ಇಳಿಸಿದ್ದಾರೆ, ಝೀರೋ ಡೆಪ್ ಹಾಕಿಯೇ ಇಲ್ಲ. ಕಾರು ಕಳುವಾದರೆ 80,000 ಕಡಿಮೆ ಬರುತ್ತದೆ. ಬಂಪರ್ ಒಡೆದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆಯಷ್ಟೇ ಲೆಕ್ಕ. ಆದ್ದರಿಂದ ಅದೇ ಐಡಿವಿ, ಅದೇ ಆಡ್-ಆನ್ ಹಾಕಿ ಇನ್ನೊಮ್ಮೆ ಕೋಟ್ ಕೇಳಿ. ಆಗಲೂ ಕಡಿಮೆ ಇದ್ದರೆ ಧೈರ್ಯವಾಗಿ ಬದಲಿಸಿ.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಸಣ್ಣ ಡ್ಯಾಮೇಜ್‌ಗೆ ಕ್ಲೇಮ್ ಮಾಡಬೇಕಾ? "ಒಂದು ವರ್ಷದ ಬೋನಸ್ ಹೋದರೆ ಹೋಗಲಿ" ಅನ್ನುತ್ತಾರೆ. ಹೋಗುವುದು ಒಂದು ವರ್ಷದ್ದಲ್ಲ. 50ರಲ್ಲಿ ಇರುವವರು ಒಂದು ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ಗಳಲ್ಲಿ ಸಿಗುವುದು 0, 20, 25, 35, 45. ಆಮೇಲಷ್ಟೇ ಮತ್ತೆ 50. ಪ್ರತಿ ವರ್ಷದ ಕೊರತೆ 50, 30, 25, 15, 5. ಕೂಡಿಸಿದರೆ 125. ಓನ್ ಡ್ಯಾಮೇಜ್ 12,000 ಇದ್ದರೆ ಐದು ವರ್ಷದಲ್ಲಿ ನಷ್ಟ ಸುಮಾರು 15,000. ಐಡಿವಿ ವರ್ಷ ವರ್ಷ ಇಳಿಯುವುದರಿಂದ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ 4,000ದ ಗೀರಿಗೆ ಕ್ಲೇಮ್ ಬೇಡ, ಕೈಯಿಂದ ಕೊಡಿ. 40,000ದ ಪೆಟ್ಟಿಗೆ ಹಿಂದೆಮುಂದೆ ನೋಡದೆ ಕ್ಲೇಮ್ ಮಾಡಿ.

ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದವರಿಗೆ ಈ ಲೆಕ್ಕ ಬದಲಾಗುತ್ತದೆ. ಆದರೆ ವರ್ಷಕ್ಕೆ ಎಷ್ಟು ಕ್ಲೇಮ್ ತನಕ ಅದು ಕಾಪಾಡುತ್ತದೆ ಅನ್ನುವುದು ಪಾಲಿಸಿ ಷರತ್ತಿನಲ್ಲಿ ಇರುತ್ತದೆ. ಗ್ಯಾರೇಜಿಗೆ ಗಾಡಿ ಬಿಡುವ ಮೊದಲೇ ಅದನ್ನು ಓದಿಕೊಳ್ಳಿ.